ಒತ್ತದೆಯೇ ತೆರೆಯುವ ಕ್ಯಾಮೆರಾ, ಜೇಬಿನಲ್ಲಿ ಉರಿಯುವ ಟಾರ್ಚ್: ಪವರ್ ಬಟನ್ ಶಾರ್ಟ್‌ಕಟ್‌ಗಳ ದೋಷ ನಿವಾರಣೆ

ಕಳೆದ ಮಳೆಗಾಲದಲ್ಲಿ ನನ್ನ ಅಕ್ಕ ತನ್ನ ಆಂಡ್ರಾಯ್ಡ್ ಫೋನನ್ನು ನನ್ನ ಕೈಗಿಟ್ಟು, "ಈ ಕ್ಯಾಮೆರಾ ಶಾರ್ಟ್‌ಕಟ್ ಆಫ್ ಮಾಡಿಕೊಡು, ಸಾಕಾಗಿದೆ" ಎಂದಳು. ಗ್ಯಾಲರಿಯಲ್ಲಿ ಕೈಚೀಲದ ಒಳಗಿನ ಕತ್ತಲೆಯ ಚಿತ್ರಗಳು ತುಂಬಿದ್ದವು. ಮಧ್ಯಾಹ್ನದ ಹೊತ್ತಿಗೆ ಬ್ಯಾಟರಿ ಖಾಲಿಯಾಗುತ್ತಿತ್ತು. ಒಂದು ಸಂಜೆಯಂತೂ ಅವಳು ಮನೆಯಲ್ಲಿ ತರಕಾರಿ ಹೆಚ್ಚುತ್ತಿರುವಾಗಲೇ 112ಕ್ಕೆ ಕರೆ ಹೋಗಿಬಿಟ್ಟಿತ್ತು.

ಪವರ್ ಬಟನ್ ಬೇಗ ಎರಡು ಬಾರಿ ಒತ್ತಿದರೆ ಕ್ಯಾಮೆರಾ ತೆರೆಯುವ ಆ ಶಾರ್ಟ್‌ಕಟ್ ಅನ್ನು ಅವಳು ಕೇಳಿದಂತೆ ಆಫ್ ಮಾಡಲು ಅರ್ಧ ನಿಮಿಷ ಸಾಕು. ಆದರೆ ಹಾಗೆ ಮಾಡಿ ಫೋನ್ ಹಿಂದಿರುಗಿಸಿದ್ದರೆ ನಿಜವಾದ ದೋಷ ಹಾಗೆಯೇ ಉಳಿಯುತ್ತಿತ್ತು. ಪವರ್ ಬಟನ್ ಎರಡು ಬಾರಿ ಒತ್ತಿದಂತಾಗುವುದಕ್ಕೆ ಮೂರು ಬೇರೆ ಬೇರೆ ಕಾರಣಗಳಿವೆ: ನಮ್ಮದೇ ಬೆರಳು ಒತ್ತುತ್ತಿರಬಹುದು, ಕವರ್ ಅಥವಾ ಜೇಬಿನಲ್ಲಿರುವ ವಸ್ತು ಒತ್ತುತ್ತಿರಬಹುದು, ಇಲ್ಲವೇ ಬಟನ್ ಒಳಗೇ ಕೆಟ್ಟು ಒಂದು ಒತ್ತುವಿಕೆಯನ್ನು ಎರಡೆಂದು ತೋರಿಸುತ್ತಿರಬಹುದು. ಮೊದಲ ಎರಡಕ್ಕೆ ಖರ್ಚಿಲ್ಲ. ಮೂರನೆಯದನ್ನು ಶಾರ್ಟ್‌ಕಟ್ ಆಫ್ ಮಾಡಿ ಮುಚ್ಚಿಟ್ಟರೆ, ಕೆಲವು ವಾರಗಳಲ್ಲಿ ಬಟನ್ ಪೂರ್ತಿ ಕೈಕೊಟ್ಟು ಫೋನ್ ಆನ್ ಮಾಡುವುದೇ ಕಷ್ಟವಾಗಬಹುದು. ಆದ್ದರಿಂದ ಸೆಟ್ಟಿಂಗ್ಸ್‌ಗೆ ಕೈ ಹಾಕುವ ಮೊದಲು, ಒತ್ತುತ್ತಿರುವುದು ಯಾರು ಎಂಬುದನ್ನು ಕಂಡುಕೊಳ್ಳಬೇಕು.

ಫೋನ್ ಹೇಗೆ ಎಣಿಸುತ್ತದೆ

ಮುಂದಿನ ಪರೀಕ್ಷೆಗಳು ಅರ್ಥವಾಗಲು ಇದೊಂದು ವಿಷಯ ತಿಳಿದಿರಬೇಕು. ಪವರ್ ಬಟನ್ ಒಳಕ್ಕೆ ಹೋದ ಕ್ಷಣವನ್ನು ಫೋನ್ ಗುರುತು ಹಾಕಿಕೊಳ್ಳುತ್ತದೆ. ಅದಾದ ಸ್ವಲ್ಪವೇ ಹೊತ್ತಿನಲ್ಲಿ ಬಟನ್ ಮತ್ತೊಮ್ಮೆ ಒಳಕ್ಕೆ ಹೋದರೆ ಅದು ಜೋಡಿ ಒತ್ತು ಎಂದು ತೀರ್ಮಾನಿಸಿ ಕ್ಯಾಮೆರಾ ತೆರೆಯುತ್ತದೆ. ಆಂಡ್ರಾಯ್ಡ್‌ನ ಮೂಲ ಕೋಡ್‌ನಲ್ಲಿ ಈ ಗಡುವು 300 ಮಿಲಿಸೆಕೆಂಡು, ಅಂದರೆ ಸೆಕೆಂಡಿನ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ತಯಾರಕರು ಇದನ್ನು ತಮಗೆ ಬೇಕಾದಂತೆ ಬದಲಿಸಿಕೊಂಡಿರಬಹುದು, ಆದರೆ ತತ್ವ ಒಂದೇ. ಎಣಿಕೆ ಎರಡಕ್ಕೇ ನಿಲ್ಲುವುದಿಲ್ಲ ಎಂಬುದನ್ನೂ ನೆನಪಿಡಿ. ಒತ್ತುವಿಕೆಗಳು ಹೀಗೆಯೇ ಮುಂದುವರಿದರೆ, ಫೋನನ್ನು ಅವಲಂಬಿಸಿ ಮೂರನೆಯದಕ್ಕೋ ಐದನೆಯದಕ್ಕೋ ತುರ್ತು ಕರೆ ಹೊರಡುತ್ತದೆ. ಅಕ್ಕನ ಫೋನಿನಲ್ಲಿ ಕ್ಯಾಮೆರಾ ತೆರೆಯುವುದೂ 112ಕ್ಕೆ ಕರೆ ಹೋಗುವುದೂ ಎರಡು ದೋಷಗಳಂತೆ ಕಂಡರೂ ಮೂಲ ಒಂದೇ ಆಗಿರಬಹುದೆಂದು ನನಗೆ ಅನ್ನಿಸಿದ್ದು ಇದರಿಂದಲೇ.

ಲಕ್ಷಣ: ಜೇಬಿನಲ್ಲಿ ಅಥವಾ ಚೀಲದಲ್ಲಿ ಇದ್ದಾಗ ಮಾತ್ರ ಕ್ಯಾಮೆರಾ ತೆರೆಯುತ್ತದೆ

ಕೈಯಲ್ಲಿ ಹಿಡಿದಾಗ ಎಲ್ಲವೂ ಸರಿ, ಮೇಜಿನ ಮೇಲಿಟ್ಟರೂ ಸರಿ, ಹೊರಗೆ ಹೋಗಿ ಬಂದಾಗ ಮಾತ್ರ ಫೋನ್ ಬಿಸಿಯಾಗಿದ್ದು ಕ್ಯಾಮೆರಾ ತೆರೆದಿರುತ್ತದೆ ಎಂದಾದರೆ ಬಟನ್ ಬಹುತೇಕ ಚೆನ್ನಾಗಿಯೇ ಇದೆ. ಹೊರಗಿನಿಂದ ಏನೋ ಒತ್ತುತ್ತಿದೆ. ಕ್ಯಾಮೆರಾ ತೆರೆದಿರುವಾಗ ವಾಲ್ಯೂಮ್ ಬಟನ್ ಚಿತ್ರ ತೆಗೆಯುವ ಗುಂಡಿಯಾಗಿಯೂ ಕೆಲಸ ಮಾಡುತ್ತದೆ. ಚೀಲದಲ್ಲಿ ಅದೂ ಒತ್ತಿಹೋದರೆ ಕತ್ತಲೆಯ ಚಿತ್ರಗಳ ಸಾಲೇ ಸಿಗುತ್ತದೆ.

ಮೊದಲು ಕವರ್ ತೆಗೆಯಿರಿ. ಪವರ್ ಬಟನ್ ಮೇಲೆ ಉಬ್ಬಿದ ರಬ್ಬರ್ ಇರುವ ಕವರ್‌ಗಳಲ್ಲಿ ಆ ಉಬ್ಬು ಬಟನ್‌ಗೆ ತಾಗಿಕೊಂಡೇ ಇರುತ್ತದೆ. ಕವರ್ ಹಳೆಯದಾಗಿ ಸೊಟ್ಟಗಾದರೆ, ಅಥವಾ ಅದೇ ಮಾದರಿಯ ಫೋನಿಗೆಂದು ಮಾರಿದ ಅಗ್ಗದ ಕವರ್ ಅರ್ಧ ಮಿಲಿಮೀಟರ್ ಆಚೀಚೆ ಇದ್ದರೆ, ಸ್ವಲ್ಪ ಬಾಗಿದಾಗಲೆಲ್ಲ ಬಟನ್ ಒತ್ತಿಹೋಗುತ್ತದೆ. ಪರೀಕ್ಷಿಸುವುದು ಸುಲಭ. ಕವರ್ ಸಮೇತ ಫೋನನ್ನು ಹಿಡಿದು, ಬಟನ್ ಮುಟ್ಟದೆ, ಅದರ ಮೇಲಿನ ಮತ್ತು ಕೆಳಗಿನ ಅಂಚನ್ನು ಮೆಲ್ಲಗೆ ಹಿಸುಕಿ. ಪರದೆ ಹೊತ್ತಿಕೊಂಡರೆ ತಪ್ಪು ಕವರ್‌ನದ್ದು. ಹಾಗಾಗದಿದ್ದರೂ ಎರಡು ದಿನ ಕವರ್ ಇಲ್ಲದೆ ಬಳಸಿ ನೋಡಿ. ಫೋನ್ ಬಿದ್ದರೆ ಎಂಬ ಭಯವಿದ್ದರೆ, ಕವರ್‌ನಲ್ಲಿ ಬಟನ್ ಇರುವ ಜಾಗವನ್ನಷ್ಟೇ ಕತ್ತರಿಸಿ ತೆಗೆಯಬಹುದು. ನಾನು ಹಲವರಿಗೆ ಹೀಗೆ ಮಾಡಿಕೊಟ್ಟಿದ್ದೇನೆ.

ಎರಡನೆಯದು ಫೋನ್ ಇಡುವ ದಿಕ್ಕು. ಬಿಗಿಯಾದ ಜೀನ್ಸ್ ಜೇಬಿನಲ್ಲಿ ಬಟನ್ ಇರುವ ಬದಿ ತೊಡೆಯ ಮಡಿಕೆಯ ಕಡೆಗಿದ್ದರೆ, ಕುಳಿತಾಗ ಒಂದು ಬಾರಿ, ಎದ್ದಾಗ ಇನ್ನೊಂದು ಬಾರಿ ಬಟ್ಟೆ ಒತ್ತುತ್ತದೆ. ಫೋನನ್ನು ತಿರುಗಿಸಿಟ್ಟರೆ ಸಾಕು. ಕಾರಿನಲ್ಲಿ ಅಥವಾ ಬೈಕಿನ ಹ್ಯಾಂಡಲ್‌ನಲ್ಲಿ ಫೋನ್ ಹಿಡಿದಿಡುವ ಹೋಲ್ಡರ್‌ಗೂ ಇದೇ ಮಾತು ಅನ್ವಯಿಸುತ್ತದೆ. ಅದರ ಹಿಡಿಕೆ ಬಟನ್ ಮೇಲೆಯೇ ಕುಳಿತಿದ್ದರೆ ರಸ್ತೆಯ ಪ್ರತಿ ಗುಂಡಿಗೂ ಒಂದು ಒತ್ತು ಬೀಳುತ್ತದೆ. ಹೋಲ್ಡರ್‌ನಲ್ಲಿ ಫೋನ್ ಹೀಗೆ ವರ್ತಿಸುತ್ತಿದ್ದರೆ ಓಡಿಸುತ್ತಲೇ ಸರಿಪಡಿಸಲು ಹೋಗಬೇಡಿ, ಗಾಡಿಯನ್ನು ಬದಿಗೆ ನಿಲ್ಲಿಸಿ.

ಇಲ್ಲಿ ಬಹಳ ಜನ ತಪ್ಪು ತಿಳಿಯುವ ಒಂದು ಸಂಗತಿಯಿದೆ. ಸ್ಯಾಮ್‌ಸಂಗ್ ಫೋನುಗಳಲ್ಲಿ Display ಒಳಗೆ Accidental touch protection ಎಂಬ ಆಯ್ಕೆ ಸಿಗುತ್ತದೆ. ಅದನ್ನು ಆನ್ ಮಾಡಿದ ಮೇಲೂ ಕ್ಯಾಮೆರಾ ತೆರೆಯಿತು ಎಂದು ದೂರುವವರನ್ನು ನೋಡಿದ್ದೇನೆ. ಕತ್ತಲಲ್ಲಿ ಪರದೆಗೆ ಬೀಳುವ ಸ್ಪರ್ಶವನ್ನು ತಡೆಯಲು ಇರುವ ಆಯ್ಕೆ ಅದು. ಪವರ್ ಬಟನ್ ಪರದೆಯ ಭಾಗವಲ್ಲವಾದ್ದರಿಂದ, ಬಟನ್ ಒತ್ತಿಹೋಗುವುದಕ್ಕೆ ಪರಿಹಾರವನ್ನು ಬೇರೆ ಕಡೆ ಹುಡುಕಬೇಕು.

ಕವರ್ ಮತ್ತು ದಿಕ್ಕು ಎರಡನ್ನೂ ಸರಿಪಡಿಸಿದ ಮೇಲೂ ತೊಂದರೆ ಉಳಿದರೆ, ಮತ್ತು ಮುಂದಿನ ಲಕ್ಷಣ ನಿಮ್ಮ ಫೋನಿನಲ್ಲಿ ಇಲ್ಲದಿದ್ದರೆ, ಆಗ ಶಾರ್ಟ್‌ಕಟ್ ಆಫ್ ಮಾಡುವುದು ನ್ಯಾಯವಾದ ದಾರಿ. ಪಿಕ್ಸೆಲ್ ಫೋನುಗಳಲ್ಲಿ Settings, System, Gestures ಎಂಬ ದಾರಿಯಲ್ಲಿ ಹೋದರೆ ಕ್ಯಾಮೆರಾದ ಆಯ್ಕೆ ಸಿಗುತ್ತದೆ. ಸ್ಯಾಮ್‌ಸಂಗ್‌ನಲ್ಲಿ Advanced features ಒಳಗೆ Side button ಅಥವಾ Side key ಎಂದಿರುತ್ತದೆ; ಅದರಲ್ಲಿ Double press ಆಫ್ ಮಾಡಿ. ಶವೋಮಿ ಮತ್ತು ರೆಡ್ಮಿಗಳಲ್ಲಿ Additional settings ಒಳಗಿನ Gesture shortcuts ತೆರೆದರೆ ಕ್ಯಾಮೆರಾಕ್ಕೂ ಟಾರ್ಚ್‌ಗೂ ಬೇರೆ ಬೇರೆ ಸಾಲುಗಳಿರುತ್ತವೆ. ಆವೃತ್ತಿ ಬದಲಾದಂತೆ ಈ ಹೆಸರುಗಳು ಜಾಗ ಬದಲಿಸುತ್ತವೆ. ಆಯ್ಕೆ ಸಿಗದಿದ್ದರೆ ಸೆಟ್ಟಿಂಗ್ಸ್‌ನ ಮೇಲ್ಭಾಗದ ಹುಡುಕುವ ಪಟ್ಟಿಯಲ್ಲಿ power button ಅಥವಾ gesture ಎಂದು ಬರೆದು ನೋಡಿ.

ಲಕ್ಷಣ: ಒಮ್ಮೆಯೇ ಒತ್ತಿದರೂ ಕ್ಯಾಮೆರಾ ತೆರೆಯುತ್ತದೆ, ಅಥವಾ ಪರದೆ ಹೊತ್ತಿ ತಕ್ಷಣ ಆರುತ್ತದೆ

ಇದೇ ಮುಖ್ಯವಾದ ಲಕ್ಷಣ. ಫೋನ್ ಮೇಜಿನ ಮೇಲಿದೆ, ಕವರ್ ಇಲ್ಲ, ನೀವು ಒಮ್ಮೆ ಮಾತ್ರ ಒತ್ತಿದ್ದೀರಿ. ಆದರೂ ಕ್ಯಾಮೆರಾ ಬಂದರೆ ಬಟನ್ ಕಡೆಯೇ ಅನುಮಾನ ತಿರುಗಬೇಕು.

ಬಟನ್ ಒಳಗೆ ಇರುವುದು ಒಂದು ಪುಟ್ಟ ಲೋಹದ ಗುಮ್ಮಟ. ಒತ್ತಿದಾಗ ಅದು ಚಟ್ ಎಂದು ಬಗ್ಗಿ ಕೆಳಗಿನ ತಟ್ಟೆಗೆ ತಾಗುತ್ತದೆ, ಬಿಟ್ಟಾಗ ಮೇಲಕ್ಕೆ ಚಿಮ್ಮುತ್ತದೆ. ಲೋಹ ತಾಗುವಾಗ ಸಹಜವಾಗಿಯೇ ಸ್ವಲ್ಪ ಪುಟಿಯುತ್ತದೆ. ಕೆಲವೇ ಮಿಲಿಸೆಕೆಂಡುಗಳ ಆ ಪುಟಿತವನ್ನು ಫೋನ್ ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಟ್ಟುಬಿಡುತ್ತದೆ. ಆದರೆ ಬೆವರು, ತೇವ, ಧೂಳು ಒಳಗೆ ಸೇರಿ ಒಣಗಿದರೆ, ಅಥವಾ ಗುಮ್ಮಟ ಸವೆದು ಬಲ ಕಳೆದುಕೊಂಡರೆ, ಸಂಪರ್ಕ ಒತ್ತುವಿಕೆಯ ಮಧ್ಯದಲ್ಲಿಯೇ ಕಡಿದು ಮತ್ತೆ ಕೂಡುತ್ತದೆ. ಆ ಅಂತರ ದೊಡ್ಡದಾದಾಗ ಫೋನಿಗೆ ಅದು ಎರಡು ಪ್ರತ್ಯೇಕ ಒತ್ತುಗಳಾಗಿಯೇ ಕಾಣುತ್ತದೆ.

ಮೊದಲ ಪರೀಕ್ಷೆಗೆ ಯಾವ ಸಾಧನವೂ ಬೇಡ. ಜೋಡಿ ಒತ್ತಿನ ಶಾರ್ಟ್‌ಕಟ್ ಅನ್ನು ತಾತ್ಕಾಲಿಕವಾಗಿ ಆಫ್ ಮಾಡಿ. ತುರ್ತು ಕರೆಯ ಆಯ್ಕೆಯನ್ನೂ ಪರೀಕ್ಷೆ ಮುಗಿಯುವವರೆಗೆ ಆಫ್ ಮಾಡಿ, ಇಲ್ಲದಿದ್ದರೆ ಪರೀಕ್ಷೆಯ ನಡುವೆಯೇ 112ಕ್ಕೆ ಕರೆ ಹೋಗಬಹುದು. ಆ ಆಯ್ಕೆ ನಿಮ್ಮ ಫೋನಿನಲ್ಲಿ ಆಫ್ ಆಗದಿದ್ದರೆ ಒಂದೊಂದು ಒತ್ತಿಗೂ ಮೂರು ಸೆಕೆಂಡು ಬಿಡುವು ಕೊಡಿ. ತುರ್ತು ಕರೆಯ ಎಚ್ಚರಿಕೆ ಪರದೆಯಲ್ಲಿ ಕಾಣಿಸಿಕೊಂಡ ಕೂಡಲೇ ಅದನ್ನು ರದ್ದು ಮಾಡಿ ಪರೀಕ್ಷೆ ನಿಲ್ಲಿಸಿ. ಈಗ ಪರದೆ ಆರಿರುವಾಗ ಬಟನ್ ಅನ್ನು ಒಮ್ಮೆ, ಎಂದಿನ ವೇಗದಲ್ಲಿ ಒತ್ತಿ. ಪರದೆ ಹೊತ್ತಬೇಕು, ಹೊತ್ತಿಯೇ ಇರಬೇಕು. ಮತ್ತೊಮ್ಮೆ ಒತ್ತಿದರೆ ಆರಬೇಕು, ಆರಿಯೇ ಇರಬೇಕು. ಹೀಗೆ ಐವತ್ತು ಬಾರಿ ಮಾಡಿ, ಹೊತ್ತಿದ ಕೂಡಲೇ ತಾನಾಗಿ ಆರಿದ್ದು ಅಥವಾ ಆರಿದ ಕೂಡಲೇ ಮತ್ತೆ ಹೊತ್ತಿದ್ದು ಎಷ್ಟು ಬಾರಿ ಎಂದು ಕಾಗದದಲ್ಲಿ ಗೆರೆ ಹಾಕಿಕೊಳ್ಳಿ. ಒಳ್ಳೆಯ ಬಟನ್‌ನಲ್ಲಿ ಒಂದು ಗೆರೆಯೂ ಬೀಳುವುದಿಲ್ಲ. ಅಕ್ಕನ ಫೋನಿನಲ್ಲಿ ಐವತ್ತಕ್ಕೆ ಒಂಬತ್ತು ಗೆರೆ ಬಿದ್ದವು.

ಬದಿಯ ಬಟನ್‌ನಲ್ಲೇ ಬೆರಳಚ್ಚು ಓದುವ ಫೋನುಗಳಲ್ಲಿ ಈ ಪರೀಕ್ಷೆ ದಾರಿ ತಪ್ಪಿಸುತ್ತದೆ. ಅಲ್ಲಿ ಬೆರಳು ತಾಗಿದೊಡನೆ ಪರದೆ ಹೊತ್ತಿರುತ್ತದೆ, ಅದರ ಬೆನ್ನಿಗೇ ನಿಮ್ಮ ಒತ್ತು ಬಿದ್ದು ಆರುತ್ತದೆ. ಬಟನ್‌ನಲ್ಲಿ ದೋಷವೇ ಇರುವುದಿಲ್ಲ. ಹಾಗಾಗಿ ಇಂತಹ ಫೋನಿನಲ್ಲಿ ಬೆರಳಿನ ಬದಲು ಪೆನ್ಸಿಲ್ಲಿನ ಹಿಂಬದಿಯ ರಬ್ಬರಿನಿಂದ ಒತ್ತಿ ಪರೀಕ್ಷಿಸಿ. ರಬ್ಬರಿನಿಂದ ಒತ್ತಿದಾಗ ದೋಷ ಮಾಯವಾದರೆ ಕಾರಣ ಬೆರಳಚ್ಚು. ಕೆಲವು ಫೋನುಗಳಲ್ಲಿ ಬೆರಳಚ್ಚಿನ ಸೆಟ್ಟಿಂಗ್‌ನಲ್ಲಿ ತಾಗಿದರೆ ಸಾಕೇ ಅಥವಾ ಒತ್ತಬೇಕೇ ಎಂದು ಆರಿಸುವ ಅವಕಾಶವಿದೆ. ಒತ್ತುವುದನ್ನು ಆರಿಸಿದರೆ ಚೀಲದಲ್ಲಿ ಪರದೆ ಸುಮ್ಮನೆ ಹೊತ್ತುವುದೂ ಕಡಿಮೆಯಾಗುತ್ತದೆ.

ಗೆರೆಗಳು ಬಿದ್ದರೆ, ದುಡ್ಡು ಖರ್ಚು ಮಾಡುವ ಮೊದಲು ಒಂದು ಮೃದುವಾದ ಒಣ ಹಲ್ಲುಜ್ಜುವ ಬ್ರಷ್ ತೆಗೆದುಕೊಂಡು ಬಟನ್‌ನ ಸುತ್ತಲಿನ ಸಂದಿಯನ್ನು ಉದ್ದಕ್ಕೆ ಉಜ್ಜಿ. ಫೋನನ್ನು ಬಟನ್ ಕೆಳಮುಖವಾಗುವಂತೆ ಹಿಡಿದುಕೊಂಡರೆ ಉದುರುವ ಧೂಳು ಒಳಗೆ ಹೋಗುವುದಿಲ್ಲ. ಆಮೇಲೆ ಐವತ್ತರ ಪರೀಕ್ಷೆಯನ್ನು ಮತ್ತೆ ಮಾಡಿ. ಸಂದಿಯಲ್ಲಿ ಎಣ್ಣೆ, ತುಕ್ಕು ಬಿಡಿಸುವ ದ್ರವ, ನೀರು ಯಾವುದನ್ನೂ ಬಿಡಬೇಡಿ. ಹೇರ್ ಡ್ರೈಯರ್ ಹಿಡಿಯಬೇಡಿ, ಅದರ ಬಿಸಿ ಒಳಗಿನ ಅಂಟನ್ನೂ ಬ್ಯಾಟರಿಯನ್ನೂ ಹಾಳುಮಾಡುತ್ತದೆ. ಸೂಜಿಯಿಂದ ಕೆದಕುವುದೂ ಬೇಡ, ನೀರು ತಡೆಯುವ ಫೋನುಗಳಲ್ಲಿ ಬಟನ್ ಹಿಂದಿನ ತೆಳು ರಬ್ಬರ್ ಹರಿದರೆ ಆ ರಕ್ಷಣೆ ಅಲ್ಲಿಗೇ ಮುಗಿಯಿತು.

ಅಕ್ಕನ ಫೋನಿನಲ್ಲಿ ಬ್ರಷ್ ಆದ ಮೇಲೂ ಏಳು ಗೆರೆ ಬಿದ್ದವು. ರಿಪೇರಿಗೆ ಕೊಡುವ ಮೊದಲು ಖಚಿತವಾದ ಸಾಕ್ಷಿ ಬೇಕೆಂದು ನಾನು ಕಂಪ್ಯೂಟರಿಗೆ ಜೋಡಿಸಿ ನೋಡಿದೆ. ಇದು ಎಲ್ಲರೂ ಮಾಡಲೇಬೇಕಾದ ಹಂತವಲ್ಲ. ಆದರೆ ಗೆರೆಗಳು ಅಪರೂಪಕ್ಕೊಮ್ಮೆ ಬೀಳುತ್ತಿದ್ದು ಬೆರಳಿನ ತಪ್ಪೋ ಬಟನ್‌ನದ್ದೋ ಎಂಬ ಗೊಂದಲವಿದ್ದರೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇರೆಲ್ಲೂ ಸಿಗುವುದಿಲ್ಲ. About phone ಒಳಗಿನ Build number ಅಥವಾ ಅದಕ್ಕೆ ಸಮನಾದ ಆವೃತ್ತಿಯ ಸಾಲನ್ನು ಏಳು ಬಾರಿ ಮುಟ್ಟಿದರೆ Developer options ತೆರೆಯುತ್ತದೆ. ಅದರಲ್ಲಿ USB debugging ಆನ್ ಮಾಡಿ, ಕಂಪ್ಯೂಟರಿನಿಂದ ಫೋನಿಗೆ ಆದೇಶ ಕಳಿಸುವ adb ಎಂಬ ಸಾಧನ ಕಂಪ್ಯೂಟರಿನಲ್ಲಿ ಇರುವಂತೆ ನೋಡಿಕೊಂಡು, ಈ ಆದೇಶ ಕೊಡಿ:

```
adb shell getevent -lt
```

ಈಗ ಬಟನ್ ಒತ್ತಿದಾಗಲೆಲ್ಲ ಕಂಪ್ಯೂಟರಿನ ಪರದೆಯಲ್ಲಿ ಸಾಲುಗಳು ಮೂಡುತ್ತವೆ. ಬೆರಳಚ್ಚು ಮತ್ತು ಪರದೆಯ ಸ್ಪರ್ಶದ ಸಾಲುಗಳೂ ನಡುವೆ ಬರಬಹುದು, ಅವನ್ನು ಬಿಟ್ಟು KEY_POWER ಎಂದಿರುವವನ್ನು ಮಾತ್ರ ನೋಡಿ. ಬಟನ್ ಒಳಕ್ಕೆ ಹೋದದ್ದು DOWN, ಹೊರಗೆ ಬಂದದ್ದು UP. ಎಡಗಡೆಯ ಸಂಖ್ಯೆ ಸೆಕೆಂಡುಗಳಲ್ಲಿ ಸಮಯ. ನಾನು ಒಮ್ಮೆ ಮಾತ್ರ ಒತ್ತಿದಾಗ ಬಂದದ್ದು ಹೀಗಿತ್ತು:

```
[ 5123.410] EV_KEY KEY_POWER DOWN
[ 5123.498] EV_KEY KEY_POWER UP
[ 5123.541] EV_KEY KEY_POWER DOWN
[ 5123.602] EV_KEY KEY_POWER UP
```

ಓದುವ ಅನುಕೂಲಕ್ಕೆ ಸಾಧನದ ಹೆಸರನ್ನೂ ಕೊನೆಯ ಅಂಕಿಗಳನ್ನೂ ಇಲ್ಲಿ ಬಿಟ್ಟಿದ್ದೇನೆ. ಒಂದು ಒತ್ತಿಗೆ ಒಂದು DOWN, ಒಂದು UP ಬರಬೇಕಿತ್ತು. ಇಲ್ಲಿ ಎರಡೆರಡು ಬಂದಿವೆ. ಮೊದಲ DOWN ನಿಂದ ಎರಡನೆಯದಕ್ಕೆ 131 ಮಿಲಿಸೆಕೆಂಡು, ಅಂದರೆ 300ರ ಗಡುವಿನೊಳಗೇ ಇದೆ, ಹಾಗಾಗಿ ಫೋನ್ ಕ್ಯಾಮೆರಾ ತೆರೆದದ್ದರಲ್ಲಿ ಅದರ ತಪ್ಪಿಲ್ಲ. ಇನ್ನೂ ಗಮನಿಸಬೇಕಾದದ್ದು ಮೊದಲ UP ಮತ್ತು ಎರಡನೇ DOWN ನಡುವಿನ ಅಂತರ. ಅದು ಬರೀ 43 ಮಿಲಿಸೆಕೆಂಡು. ನಾನು ಬೇಕೆಂದೇ ಎಷ್ಟು ಬೇಗ ಎರಡು ಬಾರಿ ಒತ್ತಿದರೂ ಆ ಅಂತರವನ್ನು 80ಕ್ಕಿಂತ ಕೆಳಗೆ ತರಲು ನನ್ನ ಬೆರಳಿಗೆ ಆಗಲಿಲ್ಲ. ಮನುಷ್ಯನ ಬೆರಳಿಗೆ ಸಾಧ್ಯವಾಗದ ವೇಗ ಕಂಡರೆ ಒತ್ತಿದ್ದು ಬೆರಳಲ್ಲ, ಕಡಿದು ಕೂಡುತ್ತಿರುವ ಸಂಪರ್ಕ. ಇನ್ನೆರಡು ಸಲ ಒಂದೇ ಒತ್ತಿಗೆ ಮೂರು DOWN ಕೂಡ ಬಂದವು. ತರಕಾರಿ ಹೆಚ್ಚುತ್ತಿದ್ದಾಗ 112ಕ್ಕೆ ಕರೆ ಹೋದದ್ದರ ಉತ್ತರ ಅಲ್ಲಿಯೇ ಇತ್ತು: ಒದ್ದೆ ಕೈಯಲ್ಲಿ ಸಮಯ ನೋಡಲು ಅವಳು ಒಮ್ಮೆ ಒತ್ತಿದ್ದಳು, ಫೋನ್ ಮೂರೆಂದು ಎಣಿಸಿತ್ತು.

ಪರೀಕ್ಷೆ ಮುಗಿದೊಡನೆ USB debugging ಆಫ್ ಮಾಡುವುದನ್ನು ಮರೆಯಬೇಡಿ. ಅದು ಆನ್ ಇದ್ದರೆ ಕೆಲವು ಬ್ಯಾಂಕ್ ಆ್ಯಪ್‌ಗಳು ತೆರೆಯುವುದೇ ಇಲ್ಲ, ಜೊತೆಗೆ ಅಪರಿಚಿತ ಕಂಪ್ಯೂಟರಿಗೆ ಜೋಡಿಸಿದಾಗ ಅಪಾಯವೂ ಇದೆ. ಸ್ವಂತ ಕಂಪ್ಯೂಟರ್ ಅಲ್ಲದಿದ್ದರೆ ಈ ಪರೀಕ್ಷೆಯನ್ನೇ ಬಿಡಿ, ಐವತ್ತರ ಪರೀಕ್ಷೆ ಸಾಕು.

ಒಂದು ಒತ್ತಿಗೆ ಒಂದೇ DOWN ಬರುತ್ತಿದ್ದರೂ ಕ್ಯಾಮೆರಾ ತೆರೆಯುತ್ತಿದ್ದರೆ, ಬಟನ್ ಚೆನ್ನಾಗಿದೆ, ಯಾವುದೋ ಆ್ಯಪ್ ಅಡ್ಡ ಬರುತ್ತಿದೆ. ಬಟನ್‌ಗಳಿಗೆ ಬೇರೆ ಕೆಲಸ ಹಚ್ಚುವ ಆ್ಯಪ್‌ಗಳು Accessibility ಅನುಮತಿ ಪಡೆದಿರುತ್ತವೆ. ಸೆಟ್ಟಿಂಗ್ಸ್‌ನ Accessibility ಪುಟದಲ್ಲಿ ನೀವು ಹಾಕಿಲ್ಲದ ಅಥವಾ ನೆನಪಿಲ್ಲದ ಆ್ಯಪ್ ಆನ್ ಆಗಿದ್ದರೆ ಆಫ್ ಮಾಡಿ. ಈ ಅನುಮತಿ ಇರುವ ಆ್ಯಪ್ ಪರದೆಯಲ್ಲಿರುವುದನ್ನು ಓದಬಲ್ಲದು. ಆದ್ದರಿಂದ ಕ್ಯಾಮೆರಾ ತೊಂದರೆ ಇರಲಿ ಬಿಡಲಿ, ಅಲ್ಲಿ ಅಪರಿಚಿತ ಹೆಸರು ಉಳಿಯಬಾರದು.

ಲಕ್ಷಣ: ಟಾರ್ಚ್ ತಾನಾಗಿ ಉರಿಯುತ್ತದೆ

ಟಾರ್ಚ್‌ಗೆ ಬಾಗಿಲುಗಳು ಕ್ಯಾಮೆರಾಕ್ಕಿಂತ ಹೆಚ್ಚು, ಹಾಗಾಗಿ ಪವರ್ ಬಟನ್ ಅನ್ನೇ ಮೊದಲು ದೂರಬೇಡಿ. ಟಾರ್ಚ್ ಉರಿಯುವುದನ್ನು ಕಂಡ ಕೂಡಲೇ ನೀವು ಏನು ಮಾಡುತ್ತಿದ್ದಿರಿ, ಪರದೆ ಹೊತ್ತಿತ್ತೇ ಆರಿತ್ತೇ ಎಂದು ನೋಡಿಕೊಳ್ಳಿ.

ನಡೆಯುವಾಗ, ಬಟ್ಟೆ ಒಗೆಯುವಾಗ, ಹದಗೆಟ್ಟ ರಸ್ತೆಯಲ್ಲಿ ಸ್ಕೂಟರ್ ಓಡಿಸುವಾಗ ಉರಿದರೆ ಫೋನಿನ ಅಲುಗಾಟವೇ ಕಾರಣವಿರಬಹುದು. ಮೋಟೊರೋಲಾ ಫೋನುಗಳಲ್ಲಿ ಕೊಡಲಿಯಿಂದ ಕಡಿದಂತೆ ಎರಡು ಬಾರಿ ಬೀಸಿದರೆ ಟಾರ್ಚ್ ಹೊತ್ತುವ ಸೌಲಭ್ಯವಿದೆ, ಅದರ ಹೆಸರು Fast flashlight. ಮಣಿಕಟ್ಟು ತಿರುಗಿಸಿ ಕ್ಯಾಮೆರಾ ತೆರೆಯುವುದು Quick capture. ಎರಡೂ Gestures ಪುಟದಲ್ಲಿವೆ, ಬೇಡವಾದದ್ದನ್ನು ಅಲ್ಲೇ ಆಫ್ ಮಾಡಬಹುದು. ಪಿಕ್ಸೆಲ್ ಫೋನಿನ ಬೆನ್ನಿಗೆ ಎರಡು ಬಾರಿ ತಟ್ಟಿದರೆ ಕೆಲಸ ಮಾಡುವ Quick Tap ಗೆ ನೀವೇ ಟಾರ್ಚ್ ಹಚ್ಚಿಟ್ಟು ಮರೆತಿರಲೂಬಹುದು. ಅದರಲ್ಲಿ ಬಲವಾಗಿ ತಟ್ಟಿದರೆ ಮಾತ್ರ ಸ್ಪಂದಿಸುವ ಆಯ್ಕೆಯಿದೆ. ಟಾರ್ಚ್ ಬೇಕೇ ಬೇಕು ಎನ್ನುವವರಿಗೆ ಅದು ಒಳ್ಳೆಯ ಮಧ್ಯದಾರಿ.

ಬಿಗಿಯಾದ ಜೇಬಿನಲ್ಲಿ ಕುಳಿತಾಗ ಉರಿದರೆ ವಾಲ್ಯೂಮ್ ಬಟನ್ ನೋಡಿ. ವಿವೊ ಫೋನುಗಳಲ್ಲಿ Quick action ಎಂಬ ಸೌಲಭ್ಯವಿದ್ದು, ಪರದೆ ಆರಿರುವಾಗ ವಾಲ್ಯೂಮ್ ಕಡಿಮೆ ಮಾಡುವ ಬಟನ್ ಒತ್ತಿ ಹಿಡಿದರೆ ಟಾರ್ಚ್ ಅಥವಾ ಕ್ಯಾಮೆರಾ ತೆರೆಯುವಂತೆ ಹೊಂದಿಸಬಹುದು. ಜೇಬಿನ ಅಂಚು ಒತ್ತಿ ಹಿಡಿಯುವ ಕೆಲಸವನ್ನು ಬೆರಳಿಗಿಂತ ಸಲೀಸಾಗಿ ಮಾಡುತ್ತದೆ.

ಪರದೆ ಹೊತ್ತಿದ್ದು, ಲಾಕ್ ಆಗಿರುವಾಗಲೇ ಟಾರ್ಚ್ ಉರಿದಿದ್ದರೆ ಲಾಕ್ ಪರದೆಯ ಮೂಲೆಯಲ್ಲಿರುವ ಟಾರ್ಚ್ ಗುರುತು ಕಾರಣ. ಬೆವರಿನಿಂದ ಒದ್ದೆಯಾದ ಅಂಗಿಯ ಜೇಬು ಪರದೆಗೆ ಬೆರಳಿನಂತೆಯೇ ಕಾಣುತ್ತದೆ. ಮೇಲೆ ಹೇಳಿದ Accidental touch protection ಇಲ್ಲಿ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಅದಕ್ಕಿಂತ ಖಚಿತವಾದ ಪರಿಹಾರವೆಂದರೆ ಲಾಕ್ ಪರದೆಯ ಶಾರ್ಟ್‌ಕಟ್‌ಗಳಿಂದ ಟಾರ್ಚನ್ನು ತೆಗೆದು, ಮೇಲಿನಿಂದ ಎಳೆಯುವ ಪಟ್ಟಿಯಲ್ಲಿ ಮಾತ್ರ ಉಳಿಸಿಕೊಳ್ಳುವುದು.

ಇವು ಯಾವುವೂ ಅಲ್ಲದೆ, ಪವರ್ ಬಟನ್‌ಗೇ ಟಾರ್ಚ್ ಹಚ್ಚಿದ್ದರೆ ಹಿಂದಿನ ಭಾಗದ ಪರೀಕ್ಷೆಗಳೇ ಇಲ್ಲಿಗೂ.

ಟಾರ್ಚ್ ಉರಿಯುತ್ತಾ ಜೇಬಿನಲ್ಲಿ ಉಳಿದರೆ ದೀಪದ ಸುತ್ತಲಿನ ಜಾಗ ಚೆನ್ನಾಗಿ ಬಿಸಿಯಾಗುತ್ತದೆ. ತೆಳು ಬಟ್ಟೆಯ ಜೇಬಿನಲ್ಲಿ ಚರ್ಮಕ್ಕೆ ತಾಗಿದರೆ ಉರಿ ಬರಬಹುದು. ಅಂತಹ ಫೋನನ್ನು ಹೊರತೆಗೆದು ಟಾರ್ಚ್ ಆರಿಸಿ, ತಣ್ಣಗಾಗುವವರೆಗೆ ಚಾರ್ಜಿಗೆ ಹಾಕಬೇಡಿ. ಬೇಗ ತಣಿಸಲು ಫ್ರಿಜ್‌ನಲ್ಲಿ ಇಡುವುದೂ ಬೇಡ, ಒಳಗೆ ನೀರು ಕಟ್ಟುತ್ತದೆ.

ಲಕ್ಷಣ: 112ಕ್ಕೆ ತಾನಾಗಿ ಕರೆ ಹೋಗುತ್ತದೆ

ಭಾರತದಲ್ಲಿ 2016ರ ನಿಯಮದ ಪ್ರಕಾರ 2017ರಿಂದ ಮಾರುವ ಸ್ಮಾರ್ಟ್‌ಫೋನುಗಳಲ್ಲಿ ತುರ್ತು ಕರೆಯ ವ್ಯವಸ್ಥೆ ಇರಬೇಕು. ಪವರ್ ಬಟನ್ ಅನ್ನು ಬೇಗ ಬೇಗ ಮೂರು ಬಾರಿ ಒತ್ತುವುದು ಅದಕ್ಕೆ ಒಪ್ಪಿಗೆಯಾದ ಒಂದು ವಿಧಾನ. ಆಂಡ್ರಾಯ್ಡ್ 12ರಿಂದ ಈಚೆಗೆ ಐದು ಬಾರಿ ಒತ್ತುವ Emergency SOS ಕೂಡ ಬಂದಿದೆ. ಇವು ಬಹುತೇಕ Safety & emergency ಎಂಬ ಪುಟದಲ್ಲಿ ಸಿಗುತ್ತವೆ.

ಕರೆ ತಪ್ಪಿ ಹೋಗಿಬಿಟ್ಟರೆ ಗಾಬರಿಯಿಂದ ಕಡಿದುಬಿಡಬೇಡಿ. ಆ ಕಡೆಯವರಿಗೆ ಮಾತಿಲ್ಲದೆ ಕಡಿದ ಕರೆ ಅಪಾಯದಲ್ಲಿರುವವರ ಕರೆಯಂತೆಯೇ ಕಾಣಬಹುದು. ಎತ್ತಿದವರಿಗೆ ಹೆಸರು ಹೇಳಿ, ಬಟನ್ ತಪ್ಪಿ ಒತ್ತಿಹೋಯಿತು, ಇಲ್ಲಿ ಎಲ್ಲರೂ ಕ್ಷೇಮ ಎಂದು ತಿಳಿಸಿ. ಆಗಲೇ ಕಡಿದಿದ್ದು ಅವರು ಹಿಂದಿರುಗಿ ಕರೆ ಮಾಡಿದರೆ ಎತ್ತಿ ಅದನ್ನೇ ಹೇಳಿ. ಅಕ್ಕ ಭಯಪಟ್ಟು ಎತ್ತಿರಲಿಲ್ಲ. ಅದರಿಂದ ಅವರು ಮತ್ತೆ ಮತ್ತೆ ಕರೆ ಮಾಡಬೇಕಾಯಿತು.

ಈ ಸೌಲಭ್ಯವನ್ನು ಶಾಶ್ವತವಾಗಿ ಆಫ್ ಮಾಡಿಬಿಡುವುದನ್ನು ನಾನು ಒಪ್ಪುವುದಿಲ್ಲ, ಅದರಲ್ಲೂ ಒಂಟಿಯಾಗಿ ಓಡಾಡುವವರ ಮತ್ತು ವಯಸ್ಸಾದವರ ಫೋನಿನಲ್ಲಿ. ನಿಮ್ಮ ಫೋನಿನಲ್ಲಿ ಕರೆಗೆ ಮುನ್ನ ಸೆಕೆಂಡುಗಳ ಎಣಿಕೆ ತೋರಿಸುವ ಆಯ್ಕೆಯಿದ್ದರೆ ಅದನ್ನು ಆನ್ ಮಾಡಿ. ತಪ್ಪಿ ಒತ್ತಿದಾಗ ರದ್ದು ಮಾಡಲು ಸಮಯ ಸಿಗುತ್ತದೆ. ಬಟನ್ ಕೆಟ್ಟಿರುವುದು ಖಚಿತವಾಗಿದ್ದರೆ ಮಾತ್ರ ರಿಪೇರಿಯವರೆಗೆ ಆಫ್ ಮಾಡಿ, ರಿಪೇರಿಯಾದ ದಿನವೇ ಮತ್ತೆ ಆನ್ ಮಾಡಿ.

ಲಕ್ಷಣ: ಎರಡು ಬಾರಿ ಒತ್ತಿದರೂ ಕ್ಯಾಮೆರಾ ಬರುವುದಿಲ್ಲ

ಅಪ್‌ಡೇಟ್ ಆದ ಮೇಲೆ ಹೀಗಾದರೆ ಆಯ್ಕೆ ಬದಲಾಗಿದೆಯೇ ಎಂದು ಮೊದಲು ನೋಡಿ. ಹೊಸ ಫೋನುಗಳಲ್ಲಿ ಇದೇ ಜೋಡಿ ಒತ್ತಿಗೆ ಕ್ಯಾಮೆರಾದ ಬದಲು ಬೇರೆ ಆ್ಯಪ್ ಹಚ್ಚಲು ಅವಕಾಶವಿದೆ. ಆಯ್ಕೆ ಸರಿಯಿದ್ದರೆ ಒತ್ತುವ ವೇಗ ಗಮನಿಸಿ. ನಿಧಾನವಾಗಿ ಒತ್ತಿದರೆ ಪರದೆ ಹೊತ್ತಿ ಆರುತ್ತದೆ ಅಷ್ಟೇ. ವಯಸ್ಸಾದವರ ಬೆರಳಿಗೆ 300 ಮಿಲಿಸೆಕೆಂಡು ಬಹಳ ಕಡಿಮೆ. ಅಂಥವರಿಗೆ ಲಾಕ್ ಪರದೆಯ ಕ್ಯಾಮೆರಾ ಗುರುತೇ ಉತ್ತಮ. ಕಚೇರಿಯವರು ನಿರ್ವಹಿಸುವ ಫೋನಿನಲ್ಲಿ ಕ್ಯಾಮೆರಾವನ್ನೇ ತಡೆದಿರಬಹುದು, ಅಲ್ಲಿ ನಾವು ಮಾಡುವಂಥದ್ದೇನಿಲ್ಲ.

ಎಲ್ಲಿ ನಿಲ್ಲಿಸಬೇಕು

ಬಟನ್ ಒತ್ತಿದರೆ ಚಟ್ ಎಂಬ ಅನುಭವವೇ ಬರದೆ ಮೆತ್ತಗಿದ್ದರೆ, ಒಳಗೇ ಸಿಕ್ಕಿಕೊಂಡಿದ್ದರೆ, ಅಥವಾ ಫೋನ್ ಕೈ ಹಾಕದೆಯೇ ಮತ್ತೆ ಮತ್ತೆ ಮರುಪ್ರಾರಂಭವಾಗುತ್ತಿದ್ದರೆ ಮನೆಯ ಪರೀಕ್ಷೆಗಳು ಅಲ್ಲಿಗೆ ಮುಗಿದವು. ಮರುಪ್ರಾರಂಭದ ಅರ್ಥ ಬಟನ್ ಒತ್ತಿ ಹಿಡಿದ ಸ್ಥಿತಿಯಲ್ಲೇ ನಿಂತಿರಬಹುದು ಎಂಬುದು. ಇಂತಹ ಫೋನನ್ನು ಆಫ್ ಮಾಡಬೇಡಿ. ಬಟನ್ ಪೂರ್ತಿ ಕೆಟ್ಟರೆ ಮತ್ತೆ ಆನ್ ಮಾಡಲು ದಾರಿ ಇರುವುದಿಲ್ಲ, ಚಾರ್ಜರ್ ಹಾಕಿದರೆ ಎಲ್ಲ ಫೋನುಗಳೂ ಎದ್ದು ಕೂರುವುದಿಲ್ಲ. ಮೊದಲು ಚಿತ್ರಗಳನ್ನೂ ಸಂಪರ್ಕಗಳನ್ನೂ ಬ್ಯಾಕಪ್ ಮಾಡಿ, ಚಾರ್ಜ್ ಇರುವಂತೆ ನೋಡಿಕೊಂಡು ಅಂಗಡಿಗೆ ಹೋಗಿ. ಅಲ್ಲಿಯವರೆಗೆ ಪರದೆಗೆ ಎರಡು ಬಾರಿ ತಟ್ಟಿ ಎಬ್ಬಿಸುವ ಆಯ್ಕೆ ಆನ್ ಮಾಡಿಕೊಂಡರೆ ಬಟನ್‌ಗೆ ಬಿಡುವು ಸಿಗುತ್ತದೆ.

ಇದಕ್ಕಿಂತ ಗಂಭೀರವಾದದ್ದು ಬ್ಯಾಟರಿ ಉಬ್ಬುವುದು. ಬೆನ್ನಿನ ಮುಚ್ಚಳ ಅಥವಾ ಪರದೆ ಅಂಚಿನಲ್ಲಿ ಮೇಲೆದ್ದಿದ್ದರೆ, ಮೇಜಿನ ಮೇಲಿಟ್ಟಾಗ ಫೋನ್ ತೊಯ್ದಾಡಿದರೆ, ಒಳಗಿನ ಒತ್ತಡಕ್ಕೇ ಬಟನ್ ಒತ್ತಿಹೋಗುತ್ತಿರಬಹುದು. ಅಂತಹ ಫೋನನ್ನು ಚಾರ್ಜಿಗೆ ಹಾಕಬೇಡಿ, ಒತ್ತಿ ಕೂರಿಸಲು ನೋಡಬೇಡಿ, ದಿಂಬಿನ ಕೆಳಗೆ ಇಡಬೇಡಿ. ಇದೊಂದು ಸಂದರ್ಭದಲ್ಲಿ ಬ್ಯಾಕಪ್‌ಗೂ ಕಾಯದೆ, ಬಟನ್‌ನ ಚಿಂತೆ ಬಿಟ್ಟು ಫೋನ್ ಆಫ್ ಮಾಡಿ, ಬೆಂಕಿ ಹಿಡಿಯದ ಜಾಗದಲ್ಲಿಟ್ಟು, ಸರ್ವಿಸ್ ಸೆಂಟರ್‌ಗೆ ಒಯ್ಯಿರಿ. ಈಚೆಗೆ ನೀರಿಗೆ ಬಿದ್ದಿದ್ದ ಫೋನನ್ನೂ ಮನೆಯಲ್ಲಿ ಬಿಚ್ಚಬೇಡಿ.

ಅಂಗಡಿಯಲ್ಲಿ "ಕ್ಯಾಮೆರಾ ತಾನಾಗಿ ತೆರೆಯುತ್ತದೆ" ಎಂದಷ್ಟೇ ಹೇಳಿದರೆ ಸಾಫ್ಟ್‌ವೇರ್ ಹಾಕಿ ನೋಡೋಣ ಎನ್ನುತ್ತಾರೆ, ಅದಕ್ಕೆ ನಿಮ್ಮ ಎಲ್ಲ ಮಾಹಿತಿ ಅಳಿಸಬೇಕಾಗುತ್ತದೆ. "ಒಮ್ಮೆ ಒತ್ತಿದರೆ ಎರಡು ಬಾರಿ ಒತ್ತಿದಂತಾಗುತ್ತದೆ, ಐವತ್ತಕ್ಕೆ ಇಷ್ಟು ಬಾರಿ, ಕವರ್ ತೆಗೆದು ನೋಡಿದ್ದೇನೆ" ಎಂದು ಹೇಳಿ. ಅಕ್ಕನ ಫೋನಿನ ವಿಷಯದಲ್ಲಿ ನಾನು ಹಾಗೆಯೇ ಹೇಳಿದೆ. ಅವರು ಬೆನ್ನು ಬಿಚ್ಚಿ, ಪವರ್ ಬಟನ್‌ನ ತೆಳು ಪಟ್ಟಿಯ ಗುಮ್ಮಟದ ಸುತ್ತ ಹಸಿರುಗಟ್ಟಿದ್ದನ್ನು ತೋರಿಸಿದರು. ಪಟ್ಟಿ ಬದಲಿಸಿದ ಮೇಲೆ ಅಂಗಡಿಯ ಕಟ್ಟೆಯ ಮೇಲೆಯೇ ಐವತ್ತು ಬಾರಿ ಒತ್ತಿ ನೋಡಿದೆವು, ಒಂದು ಗೆರೆಯೂ ಬೀಳಲಿಲ್ಲ. ಕ್ಯಾಮೆರಾ ಶಾರ್ಟ್‌ಕಟ್ ಈಗಲೂ ಅವಳ ಫೋನಿನಲ್ಲಿ ಆನ್ ಆಗಿಯೇ ಇದೆ.